ಇಪ್ಪತ್ತೈದು ನಿಮಿಷದ ವಾರದ ಅವಲೋಕನ: ಎಲ್ಲಿ ತಪ್ಪುತ್ತದೆ, ಯಾವ ಕ್ರಮದಲ್ಲಿ ಮಾಡಬೇಕು

ವಾರಕ್ಕೊಮ್ಮೆ ಕುಳಿತು ಕಳೆದ ಏಳು ದಿನಗಳನ್ನು ತಿರುಗಿ ನೋಡುವ ಅಭ್ಯಾಸವನ್ನು ಆರಂಭಿಸಿದವರಲ್ಲಿ ಹಲವರು ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ನಿಲ್ಲಿಸಿರುವುದನ್ನು ಕಂಡಿದ್ದೇನೆ. ಅವರ ಪುಸ್ತಕಗಳನ್ನು ತೆರೆದು ನೋಡಿದರೆ ಎರಡೇ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು, ನೆನಪನ್ನು ಮಾತ್ರ ನಂಬಿ ಬರೆಯುವುದು. ಎರಡನೆಯದು, ಪಾಠದ ಜಾಗದಲ್ಲಿ ಸಂಕಲ್ಪವನ್ನು ಬರೆಯುವುದು. ನನ್ನ ಹಳೆಯ ಪುಸ್ತಕವೊಂದರಲ್ಲಿ ಸತತ ಏಳು ವಾರ 'ಬೇಗ ಏಳಬೇಕು' ಎಂದಿದೆ. ಏಳನೆಯ ವಾರವೂ ನಾನು ಎದ್ದದ್ದು ಎಂಟು ಗಂಟೆಗೇ.

ಕೆಳಗಿನ ಹಂತಗಳನ್ನು ವಿವರಿಸಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸಿದ್ದೇನೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಬ್ಬರೇ ಬ್ಲೌಸ್ ಹೊಲಿಯುವ ಅಂಗಡಿ ನಡೆಸುವ ನನ್ನ ಪರಿಚಯದ ಅಕ್ಕ ಒಬ್ಬರಿದ್ದಾರೆ. ಮದುವೆಯ ಹಂಗಾಮಿನ ಒಂದು ವಾರವನ್ನು ಅವರ ಜೊತೆ ಕುಳಿತು ಪರಿಶೀಲಿಸಿದೆ. ನಿಮ್ಮದು ಬೇರೆ ಕೆಲಸವಾಗಿದ್ದರೆ ದಾಖಲೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

## ಕೈಗೆ ಬೇಕಾದವು

ನೂರು ಹಾಳೆಯ ಒಂದು ನೋಟುಪುಸ್ತಕ, ಒಂದು ಪೆನ್ನು, ಅಲಾರಂ ಇಡಲು ಮೊಬೈಲು, ಜೊತೆಗೆ ನಿಮ್ಮ ಕೆಲಸ ತಾನಾಗಿಯೇ ಬಿಟ್ಟುಹೋಗುವ ದಾಖಲೆಗಳು. ಈ ಕೊನೆಯದೇ ಮುಖ್ಯ. ಹೊಲಿಗೆಯವರಿಗೆ ಅದು ಆರ್ಡರ್ ಪುಸ್ತಕ, ಮೊಬೈಲಿನಲ್ಲಿ ಹಣ ಕೊಟ್ಟ ಪಟ್ಟಿ ಮತ್ತು ಬಂದ ಕರೆಗಳ ಪಟ್ಟಿ. ಪರೀಕ್ಷೆಗೆ ಓದುವವರಿಗೆ ಅಭ್ಯಾಸದ ಪ್ರಶ್ನೆಪತ್ರಿಕೆಗಳು ಮತ್ತು ಅವುಗಳ ಅಂಕ. ಕಚೇರಿಯವರಿಗೆ ಕಳುಹಿಸಿದ ಇಮೇಲು ಮತ್ತು ಸಭೆಗಳ ಕ್ಯಾಲೆಂಡರು.

ಇದಕ್ಕೆಂದೇ ಹೊಸ ಆಪ್ ಹುಡುಕಲು ಹೋಗಬೇಡಿ. ಮೊದಲ ಎರಡು ತಿಂಗಳು ಆಪಿನ ಬಣ್ಣ, ಪಟ್ಟಿ ಮತ್ತು ಗುರುತುಗಳನ್ನು ಹೊಂದಿಸುವುದರಲ್ಲೇ ಸಮಯ ಹೋಗುತ್ತದೆ, ಅವಲೋಕನ ನಡೆಯುವುದಿಲ್ಲ.

## ಹಂತ 1: ಹೊತ್ತು ಮತ್ತು ಮಿತಿಯನ್ನು ನಿಗದಿ ಮಾಡುವುದು

ಭಾನುವಾರ ರಾತ್ರಿ ಕುಳಿತುಕೊಳ್ಳುವುದು ಹಲವರ ಮೊದಲ ಆಯ್ಕೆ, ಬೇಗ ಕೈಕೊಡುವುದೂ ಅದೇ. ಆ ಹೊತ್ತಿಗೆ ಮನಸ್ಸು ಆಗಲೇ ಸೋಮವಾರದ ಚಿಂತೆಯಲ್ಲಿರುವುದರಿಂದ ಕಳೆದ ವಾರವನ್ನು ನೋಡುವ ತಾಳ್ಮೆ ಉಳಿದಿರುವುದಿಲ್ಲ. ಶನಿವಾರ ಅಂಗಡಿ ಮುಚ್ಚಿದ ಕೂಡಲೇ ಕುಳಿತರೆ ಆಯಾಸವೇ ಬರೆಸುತ್ತದೆ, ವಾರವೆಲ್ಲ ಕೆಟ್ಟದಾಗಿಯೇ ಕಾಣುತ್ತದೆ. ನಮ್ಮ ಅಕ್ಕ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಹತ್ತು ಗಂಟೆಯನ್ನು ಆರಿಸಿಕೊಂಡರು. ಪುಸ್ತಕ ಹಿಡಿದುಕೊಂಡು ಬೆಣ್ಣೆದೋಸೆ ಹೋಟೆಲಿಗೆ ಹೋಗುವ ಯೋಚನೆಯೂ ಅವರಿಗಿತ್ತು, ನಾನು ಬೇಡವೆಂದೆ: ಭಾನುವಾರದ ಆ ಗದ್ದಲದಲ್ಲಿ ಲೆಕ್ಕ ಕೂಡಿಸಲು ಆಗುವುದಿಲ್ಲ.

ಒಟ್ಟು ಮಿತಿ 25 ನಿಮಿಷ. ದಾಖಲೆ ನೋಡಲು 8, ಗೆಲುವಿಗೆ 4, ಪಾಠಕ್ಕೆ 8, ಮುಂದಿನ ಆದ್ಯತೆಗೆ 5. ಮೊದಲ ಎರಡು ವಾರ ಕೈ ಕುದುರುವವರೆಗೆ 40 ನಿಮಿಷವಾದರೂ ಚಿಂತೆಯಿಲ್ಲ. ಆಮೇಲೂ ಅಷ್ಟೇ ಹಿಡಿಯುತ್ತಿದ್ದರೆ ನೀವು ಅವಲೋಕನದ ನಡುವೆಯೇ ಕೆಲಸವನ್ನು ಮಾಡಲು ಶುರುಮಾಡಿದ್ದೀರಿ ಎಂದು ತಿಳಿಯಬೇಕು. ಬಾಕಿಯವರಿಗೆ ಫೋನು ಮಾಡುವುದು, ಕಪಾಟು ಜೋಡಿಸುವುದು, ಬಿಲ್ಲು ಕಟ್ಟುವುದು ಈ ಹೊತ್ತಿನ ಕೆಲಸವಲ್ಲ. ನೆನಪಾದದ್ದನ್ನು ಪುಟದ ಕೊನೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಬೇಕು.

## ಹಂತ 2: ಅಭಿಪ್ರಾಯಕ್ಕೆ ಮೊದಲು ದಾಖಲೆ (8 ನಿಮಿಷ)

ನಾನು ಹೋಗಿ ಕುಳಿತ ಕೂಡಲೇ ಅಕ್ಕ ಹೇಳಿದ ಮೊದಲ ಮಾತು, "ಈ ವಾರ ಬರೀ ಕರೆಂಟಿಂದಾನೇ ಹಾಳಾತ್ರೀ ಸರ." ಮಂಗಳವಾರ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ವಿದ್ಯುತ್ ಇರಲಿಲ್ಲ, ಹೊಲಿಗೆ ಯಂತ್ರ ನಿಂತಿತ್ತು, ಮೂರು ಬ್ಲೌಸು ತಡವಾದವು, ಅವರ ಮನಸ್ಸಿನಲ್ಲಿ ವಾರದ ಕಥೆ ಇಷ್ಟೇ. ಆ ಕಥೆಯನ್ನೇ ಬರೆದುಕೊಂಡಿದ್ದರೆ ಪಾಠ 'ಯುಪಿಎಸ್ ಕೊಳ್ಳಬೇಕು' ಎಂದಾಗುತ್ತಿತ್ತು, ಸಾವಿರಾರು ರೂಪಾಯಿ ಖರ್ಚಾಗುತ್ತಿತ್ತು.

ಆದ್ದರಿಂದ ಈ ಹಂತದಲ್ಲಿ 'ಯಾಕೆ' ಎಂಬ ಪ್ರಶ್ನೆಗೆ ಪ್ರವೇಶವಿಲ್ಲ. ಸೋಮವಾರದಿಂದ ಶನಿವಾರದವರೆಗೆ ದಿನದ ಹೆಸರುಗಳನ್ನು ಎಡಬದಿಗೆ ಬರೆದು, ಪ್ರತಿ ದಿನದ ಎದುರು ದಾಖಲೆಯಲ್ಲಿ ಕಂಡದ್ದನ್ನು ಮಾತ್ರ ಎರಡು ಮೂರು ಪದಗಳಲ್ಲಿ ಬರೆಯಬೇಕು. ಅಕ್ಕನ ಪುಟದಲ್ಲಿ ಹೀಗೆ ಬಂತು. ಆರ್ಡರ್ ಪುಸ್ತಕದ ಪ್ರಕಾರ ವಾರದಲ್ಲಿ ಕೊಡುತ್ತೇವೆಂದು ಮಾತು ಕೊಟ್ಟದ್ದು 14 ಬ್ಲೌಸು, ಹೇಳಿದ ದಿನವೇ ಕೊಟ್ಟದ್ದು 11. ಮಂಗಳವಾರ ಯಂತ್ರ ನಿಂತಿದ್ದಾಗ ಅವರು ಕೈಯಲ್ಲಿ ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿದ್ದರಿಂದ ಅದೇ ಸಂಜೆ ನಾಲ್ಕು ಬ್ಲೌಸು ಮುಗಿದಿದ್ದವು. ಹಣ ಕೊಟ್ಟ ಪಟ್ಟಿಯಲ್ಲಿ ಬುಧವಾರ ಮಧ್ಯಾಹ್ನ ಒಮ್ಮೆ, ಗುರುವಾರ ಸಂಜೆ ಮತ್ತೊಮ್ಮೆ ಲೈನಿಂಗ್ ಬಟ್ಟೆಯ ಅಂಗಡಿಗೆ ಹಣ ಹೋಗಿತ್ತು. ಆ ಎರಡೂ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಟ್ಟು ಒಂಬತ್ತು ಕರೆ ತಪ್ಪಿದ್ದವು.

ಪುಟವನ್ನು ನೋಡುತ್ತಾ ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದರು. ಕರೆಂಟಿಲ್ಲದ ದಿನ ಹೆಚ್ಚು ಕೆಲಸ ಮುಗಿದಿತ್ತು. ಕರೆಂಟಿದ್ದ ಎರಡು ದಿನಗಳಲ್ಲಿ ಅಂಗಡಿಯ ಬಾಗಿಲು ಹಾಕಿ, ಒಂದೊಂದು ಬಾರಿಗೆ ಒಂದೂವರೆ ಗಂಟೆಯಷ್ಟು ಪೇಟೆ ತಿರುಗಿದ್ದರು. ವಾರದಲ್ಲಿ ಜೋರಾಗಿ ಕಾಡಿದ ಘಟನೆ ಮತ್ತು ಕೊನೆಯಲ್ಲಿ ನಡೆದ ಘಟನೆ ನೆನಪಿನಲ್ಲಿ ಎದ್ದು ನಿಲ್ಲುತ್ತವೆ, ಸದ್ದಿಲ್ಲದೆ ಸಮಯ ತಿಂದದ್ದು ಹಿಂದೆ ಸರಿಯುತ್ತದೆ. ಈ ಎಂಟು ನಿಮಿಷ ಆ ಹಿಂದೆ ಸರಿದದ್ದನ್ನು ಹುಡುಕುವುದಕ್ಕಾಗಿ.

ತಪ್ಪಿನ ಸೂಚನೆ ಸುಲಭವಾಗಿ ಗೊತ್ತಾಗುತ್ತದೆ. ಪುಟದಲ್ಲಿ ಒಂದೂ ಅಂಕಿ ಇಲ್ಲದೆ 'ತುಂಬಾ', 'ಯಾವಾಗಲೂ', 'ಎಲ್ಲರೂ' ಎಂಬ ಪದಗಳೇ ಕಾಣುತ್ತಿದ್ದರೆ ನೀವು ದಾಖಲೆ ತೆರೆದಿಲ್ಲ. ಅಲ್ಲಿಗೆ ನಿಲ್ಲಿಸಿ ತೆರೆಯಿರಿ. ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋಗುವುದಕ್ಕಿಂತ ಆ ವಾರ ಅವಲೋಕನ ಮಾಡದಿರುವುದೇ ಲೇಸು.

## ಹಂತ 3: ಗೆಲುವು, ಅದರ ಕಾರಣದ ಜೊತೆ (4 ನಿಮಿಷ)

ಗೆಲುವನ್ನು ಪಾಠಕ್ಕೆ ಮೊದಲು ಬರೆಯುವುದಕ್ಕೆ ಕಾರಣವಿದೆ. ತಪ್ಪುಗಳ ಪಟ್ಟಿ ಒಮ್ಮೆ ಶುರುವಾದರೆ ಸರಿಹೋದದ್ದು ಕಣ್ಣಿಗೆ ಬೀಳುವುದಿಲ್ಲ, ಸರಿಹೋದ ರೀತಿಯನ್ನು ಮುಂದಿನ ವಾರ ಉಳಿಸಿಕೊಳ್ಳಲೂ ಆಗುವುದಿಲ್ಲ.

ಎರಡು ಸಾಕು, ಮೂರು ಹೆಚ್ಚು. ಪ್ರತಿಯೊಂದಕ್ಕೂ 'ಏನು ಮಾಡಿದ್ದರಿಂದ' ಎಂಬ ಅರ್ಧ ಸಾಲು ಕಡ್ಡಾಯ. ಅಕ್ಕ ಮೊದಲು ಬರೆದದ್ದು 'ಗಿರಾಕಿಗಳು ಖುಷಿಯಾದರು' ಎಂದು. ಕೇಳಲು ಚೆನ್ನಾಗಿದೆ, ಆದರೆ ಅದರಿಂದ ಸೋಮವಾರ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆರ್ಡರ್ ಪುಸ್ತಕದ ಹಿಂದಿನ ಪುಟ ತಿರುವಿದಾಗ, ಹಿಂದಿನ ವಾರ ಬಿಗಿ-ಸಡಿಲ ಸರಿಮಾಡಲೆಂದು ನಾಲ್ಕು ಬ್ಲೌಸು ವಾಪಸು ಬಂದಿದ್ದವು, ಈ ವಾರ ಒಂದೇ. ಏನು ಬದಲಾಯಿತು ಎಂದು ಕೇಳಿದೆ. ತೋಳು ಜೋಡಿಸುವ ಮುನ್ನ ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ಒಮ್ಮೆ ತೊಡಿಸಿ ನೋಡಲು ಶುರುಮಾಡಿದ್ದರಂತೆ. ಹಾಗಾದರೆ ಬರೆಯಬೇಕಾದ ಸಾಲು ಇದು: 'ವಾಪಸು ಬಂದದ್ದು 4ರಿಂದ 1ಕ್ಕೆ ಇಳಿಯಿತು, ತೋಳಿಗೆ ಮುನ್ನ ಕಚ್ಚಾ ಹೊಲಿಗೆಯಲ್ಲಿ ತೊಡಿಸಿ ನೋಡಿದ್ದರಿಂದ.'

ಒಂದೇ ವಾರದ ಅಂಕಿಯಿಂದ ಅದೇ ಕಾರಣವೆಂದು ಗಟ್ಟಿಯಾಗಿ ಹೇಳಲಾಗದು. ಮುಂದಿನ ಎರಡು ವಾರವೂ ಹಾಗೇ ಇದ್ದರೆ ನಂಬಬಹುದು. ಅಲ್ಲಿಯವರೆಗೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.

## ಹಂತ 4: ಒಂದೇ ಪಾಠ (8 ನಿಮಿಷ)

ಇಡೀ ಅವಲೋಕನ ಹೆಚ್ಚಾಗಿ ಮುರಿದು ಬೀಳುವುದು ಇಲ್ಲಿಯೇ. ಆದ್ದರಿಂದ ಇದನ್ನು ನಾಲ್ಕು ಚಿಕ್ಕ ಹೆಜ್ಜೆಗಳಲ್ಲಿ ಮಾಡುವುದು ಒಳ್ಳೆಯದು.

4.1 ಒಂದೇ ಜಾತಿಯ ಘಟನೆಗಳನ್ನು ಪಕ್ಕಪಕ್ಕ ಇಡಿ. ತಡವಾದ ಮೂರು ಬ್ಲೌಸುಗಳನ್ನು ಒಂದರ ಕೆಳಗೊಂದು ಬರೆದೆವು. ಒಂದನೆಯದಕ್ಕೆ ಸೀರೆಯ ಬಣ್ಣಕ್ಕೆ ಹೊಂದುವ ಲೈನಿಂಗ್ ಅಂಗಡಿಯಲ್ಲಿರಲಿಲ್ಲ. ಕಟ್ಟಿಂಗಿಗೆ ಕುಳಿತಾಗ ಗೊತ್ತಾಗಿ ಬುಧವಾರ ಪೇಟೆಗೆ ಹೋದರು. ಎರಡನೆಯದಕ್ಕೂ ಅದೇ ಆಗಿ ಗುರುವಾರ ಹೋದರು. ಮೇಲಾಗಿ ಹೊಸ ಹತ್ತಿ ಲೈನಿಂಗನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೆ ಕುಗ್ಗಿ ಬ್ಲೌಸು ಸುಕ್ಕುಗಟ್ಟುವುದರಿಂದ ಮತ್ತೊಂದು ದಿನ ಹೋಯಿತು. ಮೂರನೆಯದರಲ್ಲಿ ಗಿರಾಕಿ ಅಳತೆ ಬ್ಲೌಸನ್ನು 'ನಾಳೆ ತರ್ತೀನಿ ಅಕ್ಕಾ' ಎಂದು ಹೋದವರು ಶುಕ್ರವಾರ ತಂದರು, ಕೊಡಬೇಕಾದದ್ದು ಶನಿವಾರ.

ಬಿಡಿಬಿಡಿಯಾಗಿ ನೋಡಿದರೆ ಒಂದು ಲೈನಿಂಗಿನ ತೊಂದರೆ, ಇನ್ನೊಂದು ಗಿರಾಕಿಯ ತಪ್ಪು. ಪಕ್ಕಪಕ್ಕ ಇಟ್ಟಾಗ ಮೂರರಲ್ಲೂ ಒಂದೇ ಎಳೆ ಕಾಣುತ್ತದೆ: ಬೇಕಾದ ಸಾಮಗ್ರಿ ಪೂರ್ತಿ ಕೈಗೆ ಬರುವ ಮುನ್ನವೇ ಕೊಡುವ ದಿನಾಂಕವನ್ನು ಹೇಳಿಬಿಟ್ಟಿದ್ದರು.

4.2 ಕವಲಿನ ಗಳಿಗೆಯನ್ನು ಹುಡುಕಿ. 'ಯಾಕೆ ಹೀಗಾಯಿತು' ಎಂದು ಕೇಳಿದರೆ ಮನಸ್ಸು ಸಮರ್ಥನೆಯನ್ನೋ ಅಪರಾಧಿಯನ್ನೋ ತಂದು ನಿಲ್ಲಿಸುತ್ತದೆ. ಅದಕ್ಕೆ ಬದಲಾಗಿ, 'ನನ್ನ ಕೈಯಲ್ಲೇ ಇದ್ದ ಯಾವ ಗಳಿಗೆಯಲ್ಲಿ ಬೇರೆ ಹೆಜ್ಜೆ ಇಡಬಹುದಿತ್ತು' ಎಂದು ಕೇಳಿ. ಇಲ್ಲಿ ಆ ಗಳಿಗೆ ಬುಧವಾರದ್ದೂ ಅಲ್ಲ, ಶುಕ್ರವಾರದ್ದೂ ಅಲ್ಲ. ಹಿಂದಿನ ವಾರ ಗಿರಾಕಿ ಮೇಜಿನ ಮುಂದೆ ನಿಂತು 'ಯಾವತ್ತು ಕೊಡ್ತೀರಿ' ಎಂದು ಕೇಳಿದ್ದ ಗಳಿಗೆ. ತೊಂದರೆ ಕಾಣಿಸಿಕೊಂಡ ದಿನ ಬೇರೆ, ಹುಟ್ಟಿದ ದಿನ ಬೇರೆ ಎಂಬುದು ಇಂಥ ಹುಡುಕಾಟದಲ್ಲಿ ಆಗಾಗ ಹೊರಬೀಳುತ್ತದೆ.

4.3 ಆ ಹೊತ್ತಿನಲ್ಲಿ ಗೊತ್ತಿದ್ದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಗೊತ್ತಾಗಬೇಕಿತ್ತು ಎಂದು ಎಲ್ಲರಿಗೂ ಅನಿಸುತ್ತದೆ. ಬರೂಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ 1975ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದು ಇದನ್ನೇ. ಅಕ್ಕನ ವಾರದಲ್ಲೂ ಇಂಥದ್ದೊಂದಿತ್ತು. ಸೋಮವಾರ ಒಂದು ಮದುವೆ ಮನೆಯವರು ಆರು ಬ್ಲೌಸಿನ ಅವಸರದ ಆರ್ಡರ್ ತಂದಾಗ ಆಗುವುದಿಲ್ಲ ಎಂದು ಕಳಿಸಿದ್ದರು. ಬೇರೆ ಅಂಗಡಿಯವರು ಅದನ್ನು ಒಪ್ಪಿಕೊಂಡು ಒಳ್ಳೆಯ ಹಣ ಮಾಡಿದರೆಂದು ಶನಿವಾರ ತಿಳಿದು, ಅದನ್ನೂ ತಪ್ಪುಗಳ ಪಟ್ಟಿಗೆ ಸೇರಿಸಲು ಹೊರಟರು. ಆದರೆ ಸೋಮವಾರ ಅವರ ಮುಂದೆ 14 ಬ್ಲೌಸಿನ ಮಾತು ಇತ್ತು. ಒಪ್ಪಿದ್ದರೆ ಮೂರರ ಬದಲು ಏಳೆಂಟು ತಡವಾಗುತ್ತಿದ್ದವು. ಅದು ಸರಿಯಾದ ತೀರ್ಮಾನ, ಅದರಲ್ಲಿ ಪಾಠವೇನೂ ಇಲ್ಲ. ಆ ಸಾಲನ್ನು ಹೊಡೆದು ಹಾಕಿಸಿದೆ.

4.4 ಪಾಠವನ್ನು 'ಹೀಗಾದರೆ ಹೀಗೆ' ಎಂಬ ರೂಪಕ್ಕೆ ತನ್ನಿ. ಅಕ್ಕ ಬರೆದ ಮೊದಲ ವಾಕ್ಯ 'ಇನ್ನು ಮುಂದೆ ಹೇಳಿದ ದಿನಕ್ಕೆ ಕೊಡಬೇಕು' ಎಂಬುದು. ನನ್ನ 'ಬೇಗ ಏಳಬೇಕು' ಎಂಬುದರ ಅಕ್ಕತಂಗಿಯೇ ಇದು. ಯಾವ ಗಳಿಗೆಯಲ್ಲಿ, ಏನು ಕಂಡಾಗ, ಕೈ ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ಗುರಿಯನ್ನು ಮಾತ್ರ ಇಟ್ಟುಕೊಂಡವರಿಗಿಂತ 'ಇಂಥ ಸಂದರ್ಭ ಬಂದರೆ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಬಾರಿ ಅದನ್ನು ನಡೆಸುತ್ತಾರೆ ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಮತ್ತು ಅವರ ಜೊತೆಗಾರರು 1990ರ ದಶಕದ ಅಧ್ಯಯನಗಳಲ್ಲಿ ಕಂಡುಕೊಂಡರು.

ನಾಲ್ಕು ಬಾರಿ ತಿದ್ದಿದ ಮೇಲೆ ಪುಟದಲ್ಲಿ ಉಳಿದದ್ದು ಇಷ್ಟು: 'ಗಿರಾಕಿ ಬಟ್ಟೆ ಕೊಟ್ಟಾಗ ಲೈನಿಂಗ್ ಅಥವಾ ಅಳತೆ ಬ್ಲೌಸು ಇಲ್ಲದಿದ್ದರೆ, ದಿನಾಂಕದ ಕಾಲಂ ಖಾಲಿ ಬಿಡುವುದು, ಎರಡೂ ಬಂದ ದಿನದಿಂದ ಐದು ದಿನಕ್ಕೆ ಕೊಡುತ್ತೇನೆಂದು ಹೇಳುವುದು.' ಅದರ ಜೊತೆ ಒಂದು ಸಣ್ಣ ಉಪಾಯ ಅವರಿಗೇ ಹೊಳೆಯಿತು. ಲೈನಿಂಗ್ ಬೇಕಾದ ಬಟ್ಟೆಯ ಅಂಚಿನಿಂದ ಉಗುರಗಲದ ತುಣುಕು ಕತ್ತರಿಸಿ ಆರ್ಡರ್ ಪುಸ್ತಕದ ಪುಟಕ್ಕೇ ಪಿನ್ ಚುಚ್ಚಿಟ್ಟರೆ ಪೇಟೆಗೆ ವಾರಕ್ಕೆ ಒಮ್ಮೆ ಮಾತ್ರ ಹೋಗಿ ಎಲ್ಲ ಬಣ್ಣವನ್ನೂ ಒಟ್ಟಿಗೆ ತರಬಹುದು.

ವಾರಕ್ಕೆ ಒಂದೇ ಪಾಠ ಎಂಬ ಮಿತಿ ಹಲವರಿಗೆ ಹಿಡಿಸುವುದಿಲ್ಲ. ಆದರೆ ಐದು ಪಾಠ ಬರೆದವರನ್ನು ಬುಧವಾರ ಕೇಳಿದರೆ ಒಂದೂ ನೆನಪಿರುವುದಿಲ್ಲ. ಉಳಿದ ನಾಲ್ಕು ನಿಜವಾಗಿಯೂ ದೊಡ್ಡವಾಗಿದ್ದರೆ ಮುಂದಿನ ವಾರಗಳ ದಾಖಲೆಯಲ್ಲಿ ತಾವಾಗಿ ಮತ್ತೆ ಬರುತ್ತವೆ.

## ಹಂತ 5: ಗಂಟೆ ಎಣಿಸಿ ಆದ್ಯತೆ ಆರಿಸುವುದು (5 ನಿಮಿಷ)

ಆದ್ಯತೆಯ ಪಟ್ಟಿ ಬರೆಯುವ ಮುನ್ನ ಮುಂದಿನ ವಾರದಲ್ಲಿ ಎಷ್ಟು ಗಂಟೆ ನಿಜವಾಗಿ ನಿಮ್ಮದು ಎಂದು ಕಳೆದು ನೋಡಬೇಕು. ಅಕ್ಕ ದಿನಕ್ಕೆ ಏಳು ಗಂಟೆಯಂತೆ ಆರು ದಿನ ಕೆಲಸ ಮಾಡುತ್ತಾರೆ, ಒಟ್ಟು 42. ಆಗಲೇ ಮಾತು ಕೊಟ್ಟಿರುವ 13 ಬ್ಲೌಸಿಗೆ ಅವರ ಸ್ವಂತ ದಾಖಲೆಯಂತೆ ಸರಾಸರಿ ಎರಡು ಗಂಟೆ ಹಿಡಿದರೆ 26. ಅಳತೆ ಕೊಡಲು, ತೊಟ್ಟು ನೋಡಲು, ಮಾತನಾಡಲು ಬರುವವರಿಗೆ ಕಳೆದ ವಾರ ಹೋದದ್ದು ಸುಮಾರು 8. ಉಳಿದದ್ದು 8 ಗಂಟೆ ಮಾತ್ರ.

ಪ್ರತಿ ಕೆಲಸಕ್ಕೆ ಹಿಡಿಯುವ ಹೊತ್ತನ್ನು ಆಸೆಯಿಂದ ಊಹಿಸದೆ ಕಳೆದ ವಾರದ ದಾಖಲೆಯಿಂದ ತೆಗೆದುಕೊಳ್ಳಬೇಕು. ಹಿಂದೆ ಹತ್ತು ಸಲ ತಡವಾಗಿದ್ದರೂ ಈ ಸಲ ಬೇಗ ಮುಗಿಯುತ್ತದೆ ಎಂದೇ ಮನುಷ್ಯ ಅಂದಾಜು ಮಾಡುತ್ತಾನೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್‌ಸ್ಕಿ 1979ರಲ್ಲಿ ಈ ಭ್ರಮೆಗೆ ಹೆಸರನ್ನೇ ಇಟ್ಟರು.

ಅಕ್ಕನ ಮೊದಲ ಪಟ್ಟಿಯಲ್ಲಿ ಐದು ಕೆಲಸಗಳಿದ್ದವು: ಉಳಿದ ಎರಡು ತಡದ ಬ್ಲೌಸು, ಲೈನಿಂಗ್ ತರುವುದು, ಬಾಕಿ ವಸೂಲಿ, ಯಂತ್ರದ ಸರ್ವಿಸು, ಕಾಜಾ-ಹುಕ್ಕಿನ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಹುಡುಕುವುದು. ಎಂಟು ಗಂಟೆಯೊಳಗೆ ಇವೆಲ್ಲ ಕೂರುವುದಿಲ್ಲ. ತಡವಾದ ಎರಡಕ್ಕೆ ನಾಲ್ಕು ಗಂಟೆ, ಮಂಗಳವಾರ ಒಂದೇ ಬಾರಿ ಪೇಟೆಗೆ ಹೋಗಿ ಎಲ್ಲ ಲೈನಿಂಗ್ ತರಲು ಒಂದೂವರೆ ಗಂಟೆ, ಬಾಕಿಯವರಿಗೆ ಫೋನು ಮಾಡಲು ಅರ್ಧ ಗಂಟೆ, ಅಲ್ಲಿಗೆ ಆರು. ಮಿಕ್ಕ ಎರಡು ಗಂಟೆಗೆ ಯಾವ ಕೆಲಸವನ್ನೂ ಹಚ್ಚಬಾರದು, ಅದು ಅನಿರೀಕ್ಷಿತಕ್ಕೆ ಮೀಸಲು. ಯಂತ್ರ ಮತ್ತು ಹುಡುಗಿ ಪುಸ್ತಕದ ಕೊನೆಯ ಪುಟದ 'ಆಮೇಲೆ' ಪಟ್ಟಿಗೆ ಹೋದವು.

ಪ್ರತಿ ಆದ್ಯತೆಯ ಎದುರು ದಿನ ಮತ್ತು ಹೊತ್ತು ಇರಲೇಬೇಕು. 'ಬಾಕಿ ವಸೂಲಿ' ಎಂದಷ್ಟೇ ಬರೆದರೆ ಮುಂದಿನ ಭಾನುವಾರವೂ ಅದು ಹಾಗೇ ಇರುತ್ತದೆ. 'ಬುಧವಾರ ಅಂಗಡಿ ತೆರೆಯುವ ಮುನ್ನ ಮೂವರಿಗೆ ಫೋನು' ಎಂದಿದ್ದರೆ ಆಗಿದೆಯೋ ಇಲ್ಲವೋ ಎಂದು ಹೇಳಬಹುದು. ಹಾಗೆಯೇ ವಿದ್ಯುತ್ ನಿಲುಗಡೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದ್ದರೆ ಆ ದಿನದ ಎದುರು ಕೈಹೊಲಿಗೆಯ ಕೆಲಸವನ್ನು ಈಗಲೇ ಬರೆದಿಡಬಹುದು. ಆ ಮಂಗಳವಾರ ಅಕ್ಕನಿಗೆ ಅದು ಅದೃಷ್ಟವಶಾತ್ ಆಗಿತ್ತು, ಯೋಜನೆಯಿಂದ ಆಗಿರಲಿಲ್ಲ.

## ಹಂತ 6: ಮುಂದಿನ ಭಾನುವಾರದ ಮೊದಲ ನಿಮಿಷ

ಹೊಸ ಪುಟ ತೆರೆಯುವ ಮುನ್ನ ಹಿಂದಿನ ಪುಟದ ಪಾಠವನ್ನು ಓದಿ, ಆ ಸಂದರ್ಭ ಎಷ್ಟು ಬಾರಿ ಬಂತು, ಎಷ್ಟು ಬಾರಿ ಹೇಳಿದಂತೆ ನಡೆದುಕೊಂಡಿರಿ ಎಂಬ ಎರಡು ಅಂಕಿಗಳನ್ನು ಪಕ್ಕದಲ್ಲಿ ಬರೆಯಿರಿ. ಅಕ್ಕನ ಪುಸ್ತಕದಲ್ಲಿ ಎರಡನೆಯ ಭಾನುವಾರ ಬಂದದ್ದು 'ಆರರಲ್ಲಿ ನಾಲ್ಕು'. ತಪ್ಪಿದ ಎರಡೂ ನೆಂಟರ ಬ್ಲೌಸುಗಳು. ಹೊರಗಿನವರಿಗೆ ದಿನಾಂಕ ಖಾಲಿ ಬಿಡಬಹುದು, ಅತ್ತಿಗೆಗೆ ಹೇಗೆ ಬಿಡುವುದು ಎಂದು ನಕ್ಕರು. ಆದರೂ ಅದು ಉಪಯುಕ್ತ ಮಾಹಿತಿ: ನಿಯಮ ಎಲ್ಲಿ ಸೋಲುತ್ತದೆಂದು ಗೊತ್ತಾದ ಮೇಲೆ ನೆಂಟರಿಗೆ ಐದರ ಬದಲು ಎಂಟು ದಿನ ಹೇಳುವುದೆಂದು ತಿದ್ದಿಕೊಂಡರು.

## ಎಚ್ಚರಿಕೆಯ ಗುರುತುಗಳು

ಒಂದೇ ಪಾಠ ಮೂರು ವಾರ ಅದೇ ಪದಗಳಲ್ಲಿ ಬಂದರೆ ನಿಮ್ಮ ಇಚ್ಛಾಶಕ್ತಿಯನ್ನು ದೂರಬೇಡಿ. ಕವಲಿನ ಗಳಿಗೆಯನ್ನು ತಪ್ಪಾಗಿ ಗುರುತಿಸಿದ್ದೀರಿ, 4.2ಕ್ಕೆ ಹಿಂತಿರುಗಿ ಇನ್ನೂ ಹಿಂದಿನ ಗಳಿಗೆಯನ್ನು ಹುಡುಕಿ. ನನ್ನ 'ಬೇಗ ಏಳಬೇಕು' ಎಂಬುದು ಕೊನೆಗೆ ಬಗೆಹರಿದದ್ದು ಬೆಳಗಿನ ಅಲಾರಮಿನಿಂದಲ್ಲ, ರಾತ್ರಿ ಊಟದ ಹೊತ್ತನ್ನು ಒಂದು ಗಂಟೆ ಹಿಂದಕ್ಕೆ ತಂದದ್ದರಿಂದ.

ಪಾಠಗಳ ಕರ್ತೃ ಯಾವಾಗಲೂ ಬೇರೆಯವರೇ ಆಗಿದ್ದರೆ, ಅಂದರೆ 'ಗಿರಾಕಿಗಳು ಹೀಗೆ ಮಾಡಬಾರದು', 'ಮನೆಯವರು ಅರ್ಥಮಾಡಿಕೊಳ್ಳಬೇಕು' ಎಂಬ ವಾಕ್ಯಗಳೇ ತುಂಬಿದ್ದರೆ, ಅದು ದೂರಿನ ಪುಸ್ತಕ. ಗೆಲುವಿನ ಜಾಗ ಎರಡು ವಾರ ಖಾಲಿ ಉಳಿದರೆ ವಾರ ಕೆಟ್ಟದ್ದೆಂದು ತೀರ್ಮಾನಿಸುವ ಮೊದಲು ದಾಖಲೆಯನ್ನು ಹಿಂದಿನ ವಾರದ ಜೊತೆ ಹೋಲಿಸಿದಿರಾ ನೋಡಿ. 'ಆಮೇಲೆ' ಪಟ್ಟಿ ಒಂದು ಪುಟ ದಾಟಿದರೆ ಅದರಲ್ಲಿ ಮಾಡಲೇಬಾರದ ಕೆಲಸಗಳೂ ಸೇರಿಕೊಂಡಿವೆ, ಹೊಡೆದು ಹಾಕಿ.

ಕಾಯಿಲೆ, ಸಾವು, ಸಾಲದ ಒತ್ತಡದಂಥ ವಾರಗಳಲ್ಲಿ ಈ ವಿಧಾನ ಕೆಲಸಕ್ಕೆ ಬರುವುದಿಲ್ಲ. ಆಗ ಐದನೆಯ ಹಂತ ಮಾತ್ರ ಮಾಡಿ, ಉಳಿದದ್ದನ್ನು ಬಿಡಿ.

## ಒಂದು ವಾರ ತಪ್ಪಿಹೋದರೆ

ತಪ್ಪಿದ ವಾರವನ್ನು ನೆನಪಿನಿಂದ ಕಟ್ಟಿ ನಿಲ್ಲಿಸಲು ಹೋಗಬೇಡಿ, ಎರಡು ವಾರದ್ದನ್ನು ಒಂದೇ ಬಾರಿಗೆ ಮಾಡಲೂ ಹೋಗಬೇಡಿ. ಐವತ್ತು ನಿಮಿಷದ ಆ ಕೂಡುವಿಕೆಗೆ ಅಂಜಿಯೇ ಮೂರನೆಯ ವಾರವೂ ತಪ್ಪುತ್ತದೆ. ಖಾಲಿ ಪುಟದ ಮೇಲೆ ದಿನಾಂಕ ಬರೆದು ಅಡ್ಡಗೆರೆ ಎಳೆದು, ಈ ವಾರದ್ದನ್ನು ಎರಡನೆಯ ಹಂತದಿಂದ ಶುರುಮಾಡಿ. ಜಾತ್ರೆ, ಮದುವೆ, ಊರಿಗೆ ಹೋಗುವ ವಾರಗಳು ಮೊದಲೇ ಗೊತ್ತಿದ್ದರೆ ಅಡ್ಡಗೆರೆಯನ್ನು ಈಗಲೇ ಎಳೆದಿಡಬಹುದು. ದುಗ್ಗಮ್ಮನ ಜಾತ್ರೆಯ ವಾರಕ್ಕೆ ಅಕ್ಕ ಹಾಗೆ ಮಾಡಿಟ್ಟಿದ್ದಾರೆ.